ಊರುಗೋಲಿನ ಭಾರ ಅಂಗೈಗೆ, ಕಂಕುಳಿಗಲ್ಲ: ಮೆಟ್ಟಿಲು ಮತ್ತು ಬಚ್ಚಲುಮನೆಗಳಲ್ಲಿ ಒಂದು ಕಾಲಿನ ನಡಿಗೆ

ಕಾಲಿನ ಮೂಳೆ ಮುರಿದು ಆಸ್ಪತ್ರೆಯಿಂದ ಮನೆಗೆ ಬಂದವರಿಗೆ ಮೊದಲ ವಾರದಲ್ಲಿ ಹೆಚ್ಚು ತೊಂದರೆ ಕೊಡುವುದು ಎಷ್ಟೋ ಸಲ ಮುರಿದ ಕಾಲಲ್ಲ. ಕಂಕುಳು ಮತ್ತು ಅಂಗೈ. ದಾವಣಗೆರೆಯ ವಿದ್ಯಾನಗರದ ಮೊದಲ ಮಹಡಿಯ ಮನೆಯೊಂದರಲ್ಲಿ ಇರುವ, ಐವತ್ತು ದಾಟಿದ ಶಿಕ್ಷಕಿಯೊಬ್ಬರ ಪ್ರಸಂಗವನ್ನು ಹಿಡಿದು ಈ ವಿಷಯವನ್ನು ವಿವರಿಸುತ್ತೇನೆ. ಬಲಗಾಲಿನ ಹರಡಿನ ಮೂಳೆ ಮುರಿದಿದ್ದ ಅವರಿಗೆ, ಆರು ವಾರಗಳ ಕಾಲ ಆ ಕಾಲಿನ ಮೇಲೆ ಸ್ವಲ್ಪವೂ ಭಾರ ಹಾಕಬಾರದೆಂದು ವೈದ್ಯರು ಹೇಳಿದ್ದರು. ಹೊಸದನ್ನೇಕೆ ಕೊಳ್ಳುವುದೆಂದು, ಹಿಂದೆ ಬೈಕಿನಿಂದ ಬಿದ್ದಿದ್ದ ಸಂಬಂಧಿಕರೊಬ್ಬರ ಅಲ್ಯುಮಿನಿಯಂ ಊರುಗೋಲುಗಳನ್ನು ಮನೆಯವರು ತಂದುಕೊಟ್ಟರು. ಕೆಲವೇ ದಿನಗಳಲ್ಲಿ ಕಂಕುಳ ಚರ್ಮ ಕೆಂಪಾಗಿ ಉರಿಯತೊಡಗಿತು, ಅಂಗೈ ನೋಯತೊಡಗಿತು, ಎಡಗೈಯ ಕಿರುಬೆರಳು ಆಗಾಗ ಜೋಮು ಹಿಡಿಯತೊಡಗಿತು. ಮನೆಯವರು ಕಂಕುಳ ದಿಂಡಿಗೆ ಟವೆಲ್ ಸುತ್ತಿಕೊಟ್ಟರು. ಚರ್ಮದ ಉರಿ ಸ್ವಲ್ಪ ಕಡಿಮೆಯಾಯಿತೇ ಹೊರತು ಕಂಕುಳ ಒಳಗಿನ ನೋವು ಹೋಗಲಿಲ್ಲ.

ಹೋಗದಿರಲು ಕಾರಣವಿದೆ. ಕಂಕುಳ ಆಳದಲ್ಲಿ ತೋಳಿಗೆ ಹೋಗುವ ದೊಡ್ಡ ರಕ್ತನಾಳವೂ ನರಗಳೂ ಒಂದಕ್ಕೊಂದು ಒತ್ತಾಗಿ ಸಾಗುತ್ತವೆ. ಮಣಿಕಟ್ಟನ್ನೂ ಬೆರಳುಗಳನ್ನೂ ಮೇಲಕ್ಕೆತ್ತುವ ಸ್ನಾಯುಗಳಿಗೆ ಸಂಕೇತ ಒಯ್ಯುವ ರೇಡಿಯಲ್ ನರವೂ ಅವುಗಳಲ್ಲೊಂದು. ಮೈಭಾರವೆಲ್ಲ ಊರುಗೋಲಿನ ತುದಿಯ ದಿಂಡಿನ ಮೇಲೆ ಬಿದ್ದರೆ, ಪ್ರತಿ ಹೆಜ್ಜೆಗೂ ಆ ನರ ದಿಂಡಿಗೂ ತೋಳಿನ ಮೂಳೆಗೂ ನಡುವೆ ಸಿಕ್ಕಿ ಒತ್ತಿಸಿಕೊಳ್ಳುತ್ತದೆ. ಮೆತ್ತೆ ಸುತ್ತಿದರೆ ಚರ್ಮ ತರಚುವುದು ತಪ್ಪುತ್ತದೆ, ಆದರೆ ನರದ ಮೇಲಿನ ಒತ್ತಡ ತಪ್ಪುವುದಿಲ್ಲ. ಇದು ದಿನಗಟ್ಟಲೆ ಮುಂದುವರಿದರೆ ಮುಂಗೈಯ ಹಿಂಭಾಗ ಜೋಮು ಹಿಡಿಯುತ್ತದೆ, ಲೋಟ ಹಿಡಿಯುವಾಗ ಮಣಿಕಟ್ಟು ಸೋಲುತ್ತದೆ, ಕೊನೆಗೆ ಮಣಿಕಟ್ಟನ್ನು ಮೇಲಕ್ಕೆತ್ತಲಾಗದೆ ಕೈ ಜೋತುಬೀಳಬಹುದು. ಒತ್ತಡ ತೆಗೆದರೆ ಬಹುತೇಕರಿಗೆ ಶಕ್ತಿ ಮರಳುತ್ತದೆ, ಆದರೆ ಅದಕ್ಕೆ ವಾರಗಳೇ ಬೇಕು, ಕೆಲವೊಮ್ಮೆ ತಿಂಗಳುಗಳು. ಆದ್ದರಿಂದ ಜೋಮು ಕಂಡ ದಿನವೇ ಊರುಗೋಲಿನ ಅಳತೆಯನ್ನು ಪರೀಕ್ಷಿಸಬೇಕು. ಮಣಿಕಟ್ಟು ಏಳದಿದ್ದರೆ ಅಂದೇ ವೈದ್ಯರಿಗೆ ತೋರಿಸಬೇಕು.

ಕಂಕುಳ ದಿಂಡು ಇರುವುದು ಮೈಯನ್ನು ಹೊರುವುದಕ್ಕಲ್ಲ. ಅದನ್ನು ಪಕ್ಕೆಲುಬಿಗೆ ತೋಳಿನಿಂದ ಒತ್ತಿ ಹಿಡಿದರೆ ಊರುಗೋಲು ಅತ್ತಿತ್ತ ಜಾರುವುದಿಲ್ಲ, ಅಷ್ಟೇ ಅದರ ಕೆಲಸ. ಭಾರವನ್ನು ಹೊರಬೇಕಾದದ್ದು ಹಿಡಿಕೆಯ ಮೇಲೂರಿದ ಅಂಗೈ. ಅದು ಸಾಧ್ಯವಾಗುವುದೂ ಆಗದಿರುವುದೂ ಎರಡು ಅಳತೆಗಳನ್ನು ಅವಲಂಬಿಸಿದೆ: ಊರುಗೋಲಿನ ಒಟ್ಟು ಎತ್ತರ ಮತ್ತು ಹಿಡಿಕೆಯ ಎತ್ತರ. ಜನ ಮೊದಲನೆಯದನ್ನು ಸರಿಪಡಿಸಿ ಎರಡನೆಯದನ್ನು ಮರೆಯುತ್ತಾರೆ. ಈ ಶಿಕ್ಷಕಿಯ ಮನೆಯಲ್ಲಿ ಆದದ್ದೂ ಅದೇ.

ಅವರ ಎತ್ತರ 158 ಸೆಂಟಿಮೀಟರ್. ಕಂಕುಳ ಊರುಗೋಲಿನ ಉದ್ದಕ್ಕೆ ಒಂದು ಸ್ಥೂಲ ಲೆಕ್ಕವಿದೆ: ವ್ಯಕ್ತಿಯ ಎತ್ತರದಿಂದ 40 ಸೆಂಟಿಮೀಟರ್ ಕಳೆದರೆ ಬರುವುದು ಊರುಗೋಲಿನ ಉದ್ದ. ಹಾಗಾಗಿ ಅವರಿಗೆ ಬೇಕಾದದ್ದು ಸುಮಾರು 118 ಸೆಂಟಿಮೀಟರ್. ಊರುಗೋಲನ್ನು ಮೊದಲು ಬಳಸಿದ್ದ ಸಂಬಂಧಿಕರು 170 ಸೆಂಟಿಮೀಟರ್ ಎತ್ತರದವರಾದ್ದರಿಂದ ಅದನ್ನು 130ಕ್ಕೆ ಹೊಂದಿಸಲಾಗಿತ್ತು. ಮನೆಯವರು ಕೆಳಗಿನ ಕೊಳವೆಯ ಗುಂಡಿ ಒತ್ತಿ, ತೂತಿನಿಂದ ತೂತಿಗೆ ಇಳಿಸುತ್ತ 12 ಸೆಂಟಿಮೀಟರಿನಷ್ಟು ತಗ್ಗಿಸಿದರು. ಅಲ್ಲಿಯವರೆಗೆ ಎಲ್ಲವೂ ಸರಿಯಾಗಿತ್ತು. ಆದರೆ ಕೆಳಗಿನ ಕೊಳವೆಯನ್ನು ಒಳಸೇರಿಸಿದಾಗ ದಿಂಡಿನ ಜೊತೆಗೆ ಹಿಡಿಕೆಯೂ ಅಷ್ಟೇ ಕೆಳಗಿಳಿಯುತ್ತದೆ ಎಂಬುದು ಯಾರ ಗಮನಕ್ಕೂ ಬರಲಿಲ್ಲ. ಎತ್ತರದ ಆ ವ್ಯಕ್ತಿಯ ಮಣಿಕಟ್ಟಿಗೆ ಹೊಂದಿಸಿದ್ದ ಹಿಡಿಕೆ ನೆಲದಿಂದ ಸುಮಾರು 83 ಸೆಂಟಿಮೀಟರ್ ಎತ್ತರದಲ್ಲಿತ್ತು; ಇಳಿಸಿದ ಮೇಲೆ ಅದು 71ಕ್ಕೆ ಬಂತು. ಶಿಕ್ಷಕಿಯ ಮಣಿಕಟ್ಟು ಇರುವುದು 77ರ ಆಸುಪಾಸಿನಲ್ಲಿ. ಹಿಡಿಕೆ ಆರು ಸೆಂಟಿಮೀಟರ್ ತಗ್ಗಾದ್ದರಿಂದ ಅದನ್ನು ಹಿಡಿಯಲು ಅವರ ಮೊಣಕೈ ಪೂರ್ತಿ ನೆಟ್ಟಗಾಗಬೇಕಾಯಿತು. ಮಡಿಸಿದ ಮೊಣಕೈಯನ್ನು ನೇರ ಮಾಡುವಾಗಲೇ ತೋಳು ಮೈಯನ್ನು ಮೇಲಕ್ಕೆತ್ತುವುದು. ಮೊದಲೇ ನೇರವಾಗಿರುವ ತೋಳಿಗೆ ಎತ್ತಲು ಏನೂ ಉಳಿದಿರುವುದಿಲ್ಲ. ಆಗ ದೇಹ ಕುಸಿದು ದಿಂಡಿನ ಮೇಲೆ ಕೂರುತ್ತದೆ. ಹಿಡಿಕೆಯ ಬೋಲ್ಟ್ ಬಿಚ್ಚಿ ಎರಡು ತೂತು ಮೇಲಕ್ಕೆ ಹಾಕಿದ್ದೇ ಅವರಿಗೆ ನಿಜವಾಗಿ ಸಿಕ್ಕ ಪರಿಹಾರ.

ಲೆಕ್ಕ ಆರಂಭಕ್ಕೆ ಮಾತ್ರ, ಕೊನೆಯ ತೀರ್ಮಾನವನ್ನು ನಿಂತು ನೋಡಿಯೇ ಮಾಡಬೇಕು. ಮನೆಯಲ್ಲಿ ಹಾಕಿಕೊಳ್ಳುವ ಚಪ್ಪಲಿಯನ್ನೇ ಹಾಕಿಕೊಂಡು, ಗೋಡೆಗೆ ಬೆನ್ನು ತಾಗುವಂತೆ, ಭುಜಗಳನ್ನು ಸಡಿಲ ಬಿಟ್ಟು, ಒಬ್ಬರ ಆಸರೆಯಲ್ಲಿ ನಿಲ್ಲಬೇಕು. ಊರುಗೋಲುಗಳ ತುದಿಗಳು ಪಾದದಿಂದ ಸುಮಾರು 15 ಸೆಂಟಿಮೀಟರ್ ಪಕ್ಕಕ್ಕೆ ಮತ್ತು ಅಷ್ಟೇ ಮುಂದಕ್ಕೆ ಇರಲಿ. ಆಗ ಕಂಕುಳಿಗೂ ದಿಂಡಿಗೂ ನಡುವೆ ಎರಡು ಮೂರು ಬೆರಳು ಅಡ್ಡಲಾಗಿ ಹೋಗುವಷ್ಟು ಜಾಗ ಉಳಿಯಬೇಕು. ಕೈಯನ್ನು ಇಳಿಬಿಟ್ಟರೆ ಹಿಡಿಕೆ ಮಣಿಕಟ್ಟಿನ ಗೆರೆಗೆ ಸರಿಯಾಗಿ ಬರಬೇಕು, ಹಿಡಿದಾಗ ಮೊಣಕೈ 20ರಿಂದ 30 ಡಿಗ್ರಿಯಷ್ಟು, ಅಂದರೆ ಸ್ವಲ್ಪವೇ, ಬಾಗಿರಬೇಕು. ಭುಜಗಳು ಕಿವಿಯತ್ತ ಏರಿದ್ದರೆ ಊರುಗೋಲು ಎತ್ತರವಾಯಿತು. ಸೊಂಟ ಬಾಗಿ ಮುಖ ನೆಲ ನೋಡುತ್ತಿದ್ದರೆ ಗಿಡ್ಡವಾಯಿತು. ಎರಡೂ ಊರುಗೋಲುಗಳ ಗುಂಡಿಗಳು ಒಂದೇ ಎಣಿಕೆಯ ತೂತಿನಲ್ಲಿ ಪೂರ್ತಿ ಹೊರಬಂದಿವೆಯೇ, ಹಿಡಿಕೆಯ ನಟ್ ಬಿಗಿಯಾಗಿದೆಯೇ, ಕೆಳಗಿನ ರಬ್ಬರ್ ಬುಷ್ಷಿನ ಗೆರೆಗಳು ಸವೆದಿಲ್ಲವೇ ಎಂಬುದನ್ನು ಆಗಲೇ ನೋಡಿಬಿಡಬೇಕು. ಸವೆದು ನುಣುಪಾದ ಬುಷ್ ಒಣ ನೆಲದಲ್ಲಿ ನಿಂತರೂ ಒದ್ದೆ ಟೈಲ್ಸಿನ ಮೇಲೆ ಜಾರುತ್ತದೆ. ಹೊಸ ಬುಷ್ ಹಾಕಿಸುವುದರಲ್ಲಿ ಜಿಪುಣತನ ಬೇಡ.

ಅಳತೆ ಸರಿಯಾದ ಮೇಲೆ ನಡಿಗೆ. ಒಂದು ಕಾಲಿನ ಮೇಲೆ ಭಾರ ಹಾಕುವಂತಿಲ್ಲದಿದ್ದಾಗ ಎರಡೂ ಊರುಗೋಲುಗಳನ್ನು ಒಟ್ಟಿಗೆ ಒಂದು ಮೊಳಕ್ಕಿಂತ ಕಡಿಮೆ ದೂರ ಮುಂದಿಟ್ಟು, ಅಂಗೈಗಳನ್ನು ಕೆಳಕ್ಕೊತ್ತಿ ಮೈಯನ್ನು ಹಗುರ ಮಾಡಿಕೊಂಡು, ಗಟ್ಟಿ ಕಾಲನ್ನು ಊರುಗೋಲುಗಳ ಸಾಲಿನವರೆಗೆ ಮಾತ್ರ ತರಬೇಕು. ಸಾಲನ್ನು ದಾಟಿ ಜೀಕುವ ನಡಿಗೆ ವೇಗದ್ದಾದರೂ ತೋಳಿನ ಶಕ್ತಿಯನ್ನೂ ಸಮತೋಲವನ್ನೂ ಹೆಚ್ಚು ಬೇಡುತ್ತದೆ. ಮೊದಲ ದಿನಗಳಲ್ಲಿ ಅದು ಬೇಡ. ಪೆಟ್ಟಾದ ಕಾಲಿನ ಮೊಣಕಾಲನ್ನು ತುಸು ಬಾಗಿಸಿ ಪಾದವನ್ನು ನೆಲದಿಂದ ಎತ್ತಿರಬೇಕು. "ಅಕ್ಕಾರ, ಕೈ ಮ್ಯಾಲೆ ಭಾರ ಹಾಕ್ರಿ, ನಿಂತಾಗೂ ಕಂಕುಳ ಮ್ಯಾಲೆ ಜೋತು ಬೀಳಬ್ಯಾಡ್ರಿ" ಎಂದು ಫಿಸಿಯೋಥೆರಪಿಸ್ಟ್ ಈ ಶಿಕ್ಷಕಿಗೆ ಮತ್ತೆ ಮತ್ತೆ ಹೇಳಬೇಕಾಯಿತು. ಆ ಮಾತಿನ ಎರಡನೆಯ ಭಾಗ ಬಹಳ ಮುಖ್ಯ. ನಡೆಯುವಾಗ ಎಚ್ಚರದಿಂದಿರುವವರು ಬಾಗಿಲಲ್ಲಿ ನಿಂತು ಪಕ್ಕದ ಮನೆಯವರೊಡನೆ ಮಾತಾಡುವಾಗ ಪೂರ್ತಿ ಭಾರವನ್ನು ದಿಂಡಿಗೆ ಒಪ್ಪಿಸಿ ವಿಶ್ರಮಿಸುತ್ತಾರೆ, ನರಕ್ಕೆ ಹೆಚ್ಚು ಹಾನಿಯಾಗುವುದು ಆಗಲೇ. ದಣಿದರೆ ಕುಳಿತುಕೊಳ್ಳಬೇಕು.

ಇನ್ನು ಅಂಗೈ. ಅಳತೆ ಸರಿಯಿದ್ದರೂ ಅಂಗೈ ಸ್ವಲ್ಪ ನೋಯುವುದು ಸಹಜ, ಏಕೆಂದರೆ ಮೈಭಾರ ಹೊರುವ ಅಭ್ಯಾಸ ಅದಕ್ಕಿಲ್ಲ. ಆದರೆ ಕಿರುಬೆರಳು ಮತ್ತು ಉಂಗುರಬೆರಳು ಜೋಮು ಹಿಡಿದರೆ ಅದು ದಣಿವಲ್ಲ. ಅಂಗೈಯ ಬುಡದಲ್ಲಿ, ಕಿರುಬೆರಳಿನ ಬದಿಗೆ, ಅಲ್ನರ್ ನರ ಹಾದುಹೋಗುತ್ತದೆ, ಹಿಡಿಕೆಯ ಅಂಚು ಅಲ್ಲಿಗೆ ಒತ್ತುತ್ತಿದೆ ಎಂದರ್ಥ. ಹೆಬ್ಬೆರಳು, ತೋರುಬೆರಳು ಮತ್ತು ನಡುಬೆರಳು ಜೋಮಾದರೆ ಮಣಿಕಟ್ಟು ಹಿಂದಕ್ಕೆ ಬಾಗಿ ಅದರ ನಡುವಿನ ನರ ಒತ್ತುತ್ತಿರಬಹುದು. ಎರಡಕ್ಕೂ ಮೊದಲ ಉಪಾಯ ಮಣಿಕಟ್ಟನ್ನು ಮುಂಗೈಯ ನೇರಕ್ಕೇ ಇರಿಸಿ, ಹಿಡಿಕೆಯನ್ನು ಅಂಗೈಯ ನಡುಭಾಗಕ್ಕೆ ತಂದು, ಭಾರ ಅಗಲವಾಗಿ ಹರಡುವಂತೆ ಮಾಡುವುದು. ಬೀಳುವ ಭಯಕ್ಕೆ ಹಿಡಿಕೆಯನ್ನು ಬಿಗಿಯಾಗಿ ಹಿಸುಕುವವರು ಹೆಚ್ಚು. ಒತ್ತುವುದಕ್ಕೂ ಹಿಸುಕುವುದಕ್ಕೂ ವ್ಯತ್ಯಾಸವಿದೆ, ಬೆರಳುಗಳು ಹಿಡಿಕೆಯನ್ನು ಸುತ್ತಿಕೊಂಡಿದ್ದರೆ ಸಾಕು. ಹಿಡಿಕೆಯ ಸ್ಪಂಜು ಗಟ್ಟಿಯಾಗಿದ್ದರೆ ಅದನ್ನು ಬದಲಿಸಬೇಕು, ಇಲ್ಲವೆ ಬೆರಳು ತೆರೆದಿರುವ, ಅಂಗೈಗೆ ಮೆತ್ತೆಯಿರುವ ಸೈಕಲ್ ಕೈಗವಸನ್ನು ಹಾಕಿಕೊಳ್ಳಬಹುದು. ಬಟ್ಟೆಯನ್ನು ದಪ್ಪಗೆ ಸುತ್ತುವುದು ಸರಿಯಲ್ಲ, ಏಕೆಂದರೆ ಹಿಡಿಕೆ ದಪ್ಪವಾದಷ್ಟೂ ಹಿಡಿತ ಸಡಿಲವಾಗುತ್ತದೆ ಮತ್ತು ಭಾರ ಬಿದ್ದಾಗ ಬಟ್ಟೆ ತಿರುಗುತ್ತದೆ. ಬೆವರಿದ ಕೈಯನ್ನು ಒರೆಸಿಕೊಂಡೇ ಏಳಬೇಕು. ನಮ್ಮ ಏಪ್ರಿಲ್-ಮೇ ತಿಂಗಳ ಸೆಕೆಯಲ್ಲಿ ಇದು ಸಣ್ಣ ಮಾತಲ್ಲ.

ಮೆಟ್ಟಿಲಿಗೆ ಬರೋಣ. ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ಊರುಗೋಲು ಮೊದಲು. ಈ ನಿಯಮದ ಹಿಂದಿನ ಕಾರಣ ತಿಳಿದಿದ್ದರೆ ಗಾಬರಿಯಲ್ಲೂ ಅದು ಮರೆಯುವುದಿಲ್ಲ. ಹತ್ತುವಾಗ ಮೈಯನ್ನು ಮೇಲಕ್ಕೆತ್ತುವ ಕೆಲಸ ಮೇಲಿನ ಮೆಟ್ಟಿಲಲ್ಲಿರುವ ಕಾಲಿನದು, ಆದ್ದರಿಂದ ಶಕ್ತಿಯಿರುವ ಕಾಲು ಮೊದಲು ಅಲ್ಲಿಗೆ ಹೋಗಬೇಕು. ಅದು ನೆಟ್ಟಗಾದ ಮೇಲೆ ಪೆಟ್ಟಾದ ಕಾಲೂ ಊರುಗೋಲುಗಳೂ ಹಿಂಬಾಲಿಸುತ್ತವೆ. ಇಳಿಯುವಾಗ ಮೈಯನ್ನು ನಿಧಾನವಾಗಿ ಕೆಳಗಿಳಿಸುವ ಕೆಲಸ ಮೇಲಿನ ಮೆಟ್ಟಿಲಲ್ಲೇ ಉಳಿದ ಕಾಲಿನದು, ಆದ್ದರಿಂದ ಗಟ್ಟಿ ಕಾಲು ಕೊನೆಯವರೆಗೂ ಮೇಲೆಯೇ ಇರಬೇಕು. ಊರುಗೋಲುಗಳನ್ನು ಕೆಳಗಿನ ಮೆಟ್ಟಿಲಿನ ನಡುಭಾಗಕ್ಕೆ ಊರಿ, ಪೆಟ್ಟಾದ ಕಾಲನ್ನು ಮುಂದಕ್ಕೆ ಚಾಚಿ, ಗಟ್ಟಿ ಕಾಲಿನ ಮೊಣಕಾಲು ಮಡಿಸುತ್ತ ಭಾರವನ್ನು ಅಂಗೈಗಳಿಗೆ ವರ್ಗಾಯಿಸಿ, ಆಮೇಲೆ ಆ ಕಾಲನ್ನು ಇಳಿಸಬೇಕು.

ಈ ಶಿಕ್ಷಕಿಯ ಮನೆಯ ಮೆಟ್ಟಿಲು, ನಮ್ಮ ಊರಿನ ಎಷ್ಟೋ ಮನೆಗಳಂತೆ, ಹೊರಗೋಡೆಯ ಬದಿಯಲ್ಲಿದೆ ಮತ್ತು ಒಂದೇ ಕಡೆಗೆ ಕಂಬಿಯಿದೆ. ಕಂಬಿಯಿರುವಾಗ ಅದನ್ನೇ ನಂಬಬೇಕು, ಆದರೆ ಮೊದಲು ಬೇರೆಯವರು ಅಲುಗಾಡಿಸಿ ಗಟ್ಟಿಯಿದೆಯೇ ಎಂದು ನೋಡಿರಬೇಕು. ಒಂದು ಕೈಯಲ್ಲಿ ಕಂಬಿ, ಇನ್ನೊಂದು ಕಂಕುಳ ಕೆಳಗೆ ಒಂದು ಊರುಗೋಲು. ಎರಡನೆಯ ಊರುಗೋಲನ್ನು ಜೊತೆಗಿರುವವರು ತರಲಿ. ಕಂಬಿಯನ್ನು ದೇಹಕ್ಕಿಂತ ಸ್ವಲ್ಪ ಮುಂದೆ ಹಿಡಿದು ಒತ್ತಬೇಕು, ಎಳೆಯಬಾರದು. ಜೊತೆಗಾರರು ನಿಲ್ಲಬೇಕಾದ ಜಾಗ ಯಾವಾಗಲೂ ಕೆಳಗಿನ ಮೆಟ್ಟಿಲು: ಹತ್ತುವಾಗ ಹಿಂದೆ, ಇಳಿಯುವಾಗ ಮುಂದೆ. ಅವರು ತೋಳನ್ನು ಹಿಡಿದರೆ ಊರುಗೋಲೇ ತಪ್ಪುತ್ತದೆ, ಆದ್ದರಿಂದ ಸೊಂಟಕ್ಕೆ ಅಗಲವಾದ ಬೆಲ್ಟನ್ನೋ ಬಟ್ಟೆಯ ಪಟ್ಟಿಯನ್ನೋ ಕಟ್ಟಿ ಅದನ್ನು ಹಿಡಿದಿರಲಿ. ಸೀರೆಯ ನೆರಿಗೆ ಊರುಗೋಲಿನ ಬುಷ್ಷಿಗೆ ಸಿಕ್ಕುವುದು ನಿಜವಾದ ಅಪಾಯ. ಆ ವಾರಗಳಲ್ಲಿ ಕಣಕಾಲಿಗಿಂತ ಮೇಲಿರುವ ಉಡುಪೇ ಸೂಕ್ತ. ಪಂಚೆ ಉಡುವವರಿಗೂ ಇದೇ ಮಾತು.

ಹಳೆಯ ಪೇಟೆಯ ಮನೆಗಳಲ್ಲಿರುವ ಕಡಿದಾದ, ಕಂಬಿಯಿಲ್ಲದ ಮೆಟ್ಟಿಲುಗಳನ್ನು ಊರುಗೋಲಿನಲ್ಲಿ ಹತ್ತುವ ಸಾಹಸ ಬೇಡವೆಂದೇ ನನ್ನ ಅಭಿಪ್ರಾಯ. ಅಲ್ಲಿ ಕುಳಿತೇ ಹತ್ತಬೇಕು. ಮೆಟ್ಟಿಲಿಗೆ ಬೆನ್ನು ಮಾಡಿ ಕುಳಿತು, ಎರಡೂ ಕೈಗಳನ್ನು ಹಿಂದಿನ ಮೆಟ್ಟಿಲಿಗೆ ಊರಿ, ಗಟ್ಟಿ ಕಾಲಿನಿಂದ ಒತ್ತಿ, ಕುಂಡೆಯನ್ನು ಒಂದೊಂದೇ ಮೆಟ್ಟಿಲು ಏರಿಸಬೇಕು. ಪೆಟ್ಟಾದ ಕಾಲು ಮುಂದಕ್ಕೆ ಚಾಚಿರಲಿ. ಇಳಿಯುವುದೂ ಹಾಗೆಯೇ. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಕಷ್ಟವಿರುವುದು ಮೇಲೆ ತಲುಪಿದ ನಂತರ ನೆಲದಿಂದ ಏಳುವುದರಲ್ಲಿ. ಅದಕ್ಕಾಗಿ ಕೊನೆಯ ಮೆಟ್ಟಿಲ ಬಳಿ ಒಂದು ಗಟ್ಟಿ ಮಣೆಯನ್ನೂ ಅದರ ಪಕ್ಕ ಒಂದು ಕುರ್ಚಿಯನ್ನೂ ಮೊದಲೇ ಇರಿಸಿದರೆ, ನೆಲದಿಂದ ಮಣೆಗೆ, ಮಣೆಯಿಂದ ಕುರ್ಚಿಗೆ ಹಂತಹಂತವಾಗಿ ಏರಬಹುದು.

ಬಚ್ಚಲುಮನೆಯ ವಿಷಯವನ್ನು ವಿಸ್ತಾರವಾಗಿಯೇ ಹೇಳಬೇಕು, ಏಕೆಂದರೆ ಒದ್ದೆ ನೆಲ, ಸೋಪಿನ ಜಿಡ್ಡು, ಇಕ್ಕಟ್ಟು ಎಲ್ಲವೂ ಅಲ್ಲಿ ಒಟ್ಟಾಗಿವೆ. ನಮ್ಮ ಬಚ್ಚಲುಗಳ ನೆಲ ಸಾಮಾನ್ಯವಾಗಿ ಎರಡು ಮೂರು ಅಂಗುಲ ತಗ್ಗಿನಲ್ಲಿರುತ್ತದೆ. ಆದ್ದರಿಂದ ಒಳಗೆ ಹೋಗುವುದನ್ನು ಮೆಟ್ಟಿಲು ಇಳಿದಂತೆಯೂ ಹೊರಗೆ ಬರುವುದನ್ನು ಹತ್ತಿದಂತೆಯೂ ಭಾವಿಸಿ, ಆಯಾ ಕ್ರಮವನ್ನೇ ಅನುಸರಿಸಬೇಕು. ಬಾಗಿಲ ಬಳಿ ಹಾಸಿದ ಗೋಣಿ ತಾಟು, ಕಾಲೊರೆಸು ಇವೆಲ್ಲವನ್ನೂ ತೆಗೆದಿಡಬೇಕು. ಒಳಗಿನ ನೆಲವನ್ನು ಹಿಂದಿನ ದಿನವೇ ಬ್ರಷ್‌ನಿಂದ ತಿಕ್ಕಿ ಜಿಡ್ಡು ತೆಗೆದು, ಬಳಸುವ ಮುನ್ನ ಒಣ ಬಟ್ಟೆಯಿಂದ ಒರೆಸಿರಬೇಕು. ಒಳಚಿಲಕ ಹಾಕಿಕೊಳ್ಳಬಾರದು. ಬಿದ್ದವರು ಬಾಗಿಲಿಗೇ ಅಡ್ಡವಾಗಿ ಬಿದ್ದಿದ್ದರೆ ಹೊರಗಿನವರು ಒಳಗೆ ಬರಲಾರರು, ಆದ್ದರಿಂದ ಬಾಗಿಲನ್ನು ಅರೆ ತೆರೆದು ಪರದೆ ಹಾಕುವುದು ಮೇಲು.

ಕುಕ್ಕರಗಾಲಿನ ಶೌಚಾಲಯವನ್ನು ಒಂದೇ ಕಾಲಿನಲ್ಲಿ ಬಳಸಲು ಸಾಧ್ಯವಿಲ್ಲ, ಪ್ರಯತ್ನಿಸಲೂಬಾರದು. ಅದರ ಮೇಲೆ ಇಡುವ, ನಡುವೆ ತೆರೆದ ಸೀಟಿರುವ ಕಬ್ಬಿಣದ ಕಮೋಡ್ ಕುರ್ಚಿ ವೈದ್ಯಕೀಯ ಸಲಕರಣೆಗಳ ಅಂಗಡಿಗಳಲ್ಲಿ ಸಿಗುತ್ತದೆ. ಇಲ್ಲೊಂದು ತೊಡಕಿದೆ: ಶೌಚದ ಬೇಸಿನ್ ಅನೇಕ ಮನೆಗಳಲ್ಲಿ ಎತ್ತರದ ಕಟ್ಟೆಯ ಮೇಲಿರುತ್ತದೆ, ಕುರ್ಚಿಯ ಎರಡು ಕಾಲುಗಳು ಕಟ್ಟೆಯ ಮೇಲೂ ಎರಡು ಅಂಚಿನಲ್ಲೂ ನಿಲ್ಲುತ್ತವೆ. ನಾಲ್ಕೂ ಕಾಲುಗಳು ಒಂದೇ ಮಟ್ಟದಲ್ಲಿ, ಅಂಚಿನಿಂದ ಒಳಗೆ ಕೂರದಿದ್ದರೆ ಆ ಕುರ್ಚಿಯನ್ನು ಅಲ್ಲಿ ಇಡಲೇಬಾರದು. ಕೆಳಗೆ ಪಾತ್ರೆಯಿರುವ ಕಮೋಡ್ ಕುರ್ಚಿಯನ್ನು ಕೋಣೆಯಲ್ಲೇ ಇಟ್ಟುಕೊಳ್ಳುವುದು ಉತ್ತಮ. ಎಲ್ಲಿಟ್ಟರೂ ಮೊದಲು ಮನೆಯಲ್ಲಿ ಹೆಚ್ಚು ತೂಕವಿರುವ ಒಬ್ಬರು ಕುಳಿತು, ಪಕ್ಕಕ್ಕೆ ವಾಲಿ ಪರೀಕ್ಷಿಸಲಿ.

ಕೂರುವ ಕ್ರಮ ಎಲ್ಲ ಕುರ್ಚಿಗಳಿಗೂ ಒಂದೇ. ಕುರ್ಚಿಯ ಅಂಚು ಗಟ್ಟಿ ಕಾಲಿನ ಹಿಂಭಾಗಕ್ಕೆ ತಾಗುವವರೆಗೆ ಹಿಂದೆ ಸರಿದು, ಎರಡೂ ಊರುಗೋಲುಗಳನ್ನು ಪೆಟ್ಟಾದ ಕಾಲಿನ ಬದಿಯ ಕೈಗೆ ತೆಗೆದುಕೊಂಡು ಹಿಡಿಕೆಗಳನ್ನು ಒಟ್ಟಾಗಿ ಹಿಡಿದು, ಇನ್ನೊಂದು ಕೈಯಿಂದ ಕುರ್ಚಿಯ ತೋಳನ್ನು ಹಿಡಿದು, ಪೆಟ್ಟಾದ ಕಾಲನ್ನು ಮುಂದೆ ಚಾಚುತ್ತ ನಿಧಾನವಾಗಿ ಕೂರಬೇಕು. ಏಳುವಾಗ ಇದರ ಹಿಮ್ಮುಖ. ಟವೆಲ್ ಹಾಕುವ ಕಂಬಿ, ನಲ್ಲಿ, ವಾಶ್ ಬೇಸಿನ್ ಇವು ಮನುಷ್ಯನ ಭಾರ ತಡೆಯುವಂತೆ ಜೋಡಿಸಿದವುಗಳಲ್ಲ. ಕೈಗೆ ಮೊದಲು ಸಿಗುವುದು ಅವೇ ಆದ್ದರಿಂದ ಅವನ್ನು ಹಿಡಿಯಬಾರದೆಂದು ಮೊದಲೇ ನಿಶ್ಚಯಿಸಿಕೊಂಡಿರಬೇಕು.

ಸ್ನಾನ ಕುಳಿತೇ ಆಗಬೇಕು. ತೆಳುವಾದ ಪ್ಲಾಸ್ಟಿಕ್ ಕುರ್ಚಿಯ ಕಾಲುಗಳು ಒದ್ದೆ ಟೈಲ್ಸಿನ ಮೇಲೆ ಭಾರ ಬಿದ್ದಾಗ ಅಗಲವಾಗಿ ಜಾರುತ್ತವೆ. ಕಾಲುಗಳಿಗೆ ರಬ್ಬರ್ ಇರುವ, ಎರಡೂ ಕಡೆ ತೋಳಿರುವ ಗಟ್ಟಿ ಕುರ್ಚಿ ಬೇಕು. ಬಿಸಿನೀರನ್ನು ಬೇರೆಯವರು ತಂದು, ಬಕೆಟ್ಟನ್ನು ಒಂದು ಸ್ಟೂಲಿನ ಮೇಲಿಟ್ಟರೆ ಬಾಗುವ ಪ್ರಮೇಯವಿಲ್ಲ. ಪ್ಲಾಸ್ಟರ್ ಹಾಕಿದ ಕಾಲನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಬಾಯನ್ನು ಟೇಪಿನಿಂದ ಮುಚ್ಚಿ, ಇನ್ನೊಂದು ಸ್ಟೂಲಿನ ಮೇಲೆ ನೀರು ಬೀಳದ ಕಡೆಗೆ ಚಾಚಬೇಕು; ಒಳಗೆ ನೀರು ಹೋದರೆ ಆಸ್ಪತ್ರೆಗೆ ತೋರಿಸಬೇಕು. ಊರುಗೋಲುಗಳು ನೀರು ಸಿಡಿಯದ ಮೂಲೆಯಲ್ಲಿರಲಿ. ಬಹಳ ಮಂದಿ ಬೀಳುವುದು ಸ್ನಾನ ಮುಗಿಸಿ ಏಳುವಾಗ. ಕುಳಿತಲ್ಲೇ ಮೈ ಒರೆಸಿ, ಗಟ್ಟಿ ಕಾಲಿನ ಅಂಗಾಲನ್ನು ಒಣಗಿಸಿ, ಹಿಂದೆ ಪಟ್ಟಿಯಿರುವ ಚಪ್ಪಲಿ ಹಾಕಿ, ಬಾಗಿಲವರೆಗಿನ ನೆಲವನ್ನು ಜೊತೆಯವರು ಒರೆಸಿ, ಬುಷ್‌ಗಳನ್ನು ಒರೆಸಿ ಕೊಟ್ಟ ಮೇಲೆಯೇ ಏಳಬೇಕು. ಹವಾಯಿ ಚಪ್ಪಲಿ ಪಾದದಿಂದ ಕಳಚುವುದರಿಂದ ಅದು ಬೇಡ. ಬೆಳಗ್ಗೆ ಅಂಗಳಕ್ಕೆ ನೀರು ಹಾಕಿ ರಂಗೋಲಿ ಬಿಟ್ಟ ಹೊತ್ತಿನಲ್ಲೂ ಇದೇ ಎಚ್ಚರ ಬೇಕು, ರಂಗೋಲಿ ಪುಡಿ ಬುಷ್ಷಿನ ಗೆರೆಗಳಲ್ಲಿ ತುಂಬಿ ಹಿಡಿತ ತಪ್ಪಿಸುತ್ತದೆ.

ನೋಯುವ ಕಂಕುಳಿನ ನಡುವೆ ಇನ್ನೊಂದು ಲಕ್ಷಣ ಮರೆಯಾಗಬಾರದು. ಪೆಟ್ಟಾದ ಕಾಲಿನ ಮೀನಖಂಡ ಊದಿ, ಬಿಸಿಯಾಗಿ, ಮುಟ್ಟಿದರೆ ನೋಯುತ್ತಿದ್ದರೆ, ಅಥವಾ ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ, ಎದೆ ನೋವು ಬಂದರೆ, ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರುವ ಸಾಧ್ಯತೆಯಿದೆ. ಪ್ಲಾಸ್ಟರ್ ಬಿಗಿಯಾಗಿ ಕಾಲ್ಬೆರಳುಗಳು ನೀಲಿಯಾದರೆ, ತಣ್ಣಗಾದರೆ, ಸ್ಪರ್ಶ ತಿಳಿಯದಿದ್ದರೆ ಅದೂ ತುರ್ತು. ಈ ಯಾವುದಕ್ಕೂ ಬೆಳಗಾಗಲೆಂದು ಕಾಯಬಾರದು.

ಆರು ವಾರಗಳ ನಂತರ ಶಿಕ್ಷಕಿಗೆ ಸ್ವಲ್ಪ ಭಾರ ಹಾಕಲು ಅನುಮತಿ ಸಿಕ್ಕಿತು. ಆರಂಭಕ್ಕೆ 15 ಕಿಲೋ ಎಂದು ವೈದ್ಯರು ಗೊತ್ತುಮಾಡಿದರು. ಅಷ್ಟು ಭಾರ ಎಷ್ಟೆಂಬುದು ಅಂದಾಜಿಗೆ ಸಿಗುವುದಲ್ಲ. ಅವರು ತೂಕದ ಯಂತ್ರದ ಮೇಲೆ ಪೆಟ್ಟಾದ ಪಾದವನ್ನೂ, ಅಷ್ಟೇ ದಪ್ಪದ ಹಲಗೆಯ ಮೇಲೆ ಇನ್ನೊಂದು ಪಾದವನ್ನೂ ಇಟ್ಟು, ಊರುಗೋಲುಗಳನ್ನು ಒತ್ತಿ ನಿಂತು, ಮುಳ್ಳು 15ಕ್ಕೆ ಬರುವವರೆಗೆ ಮೆಲ್ಲನೆ ಭಾರ ಬಿಟ್ಟರು. ಪಾದಕ್ಕೆ ಆ ಅನುಭವ ಗುರುತಾಗುವವರೆಗೆ ಅದನ್ನು ದಿನವೂ ಮಾಡಿದರು. ಈ ಹಂತದಲ್ಲಿ ಊರುಗೋಲುಗಳ ಜೊತೆಗೇ ಪೆಟ್ಟಾದ ಪಾದವೂ ಮುಂದೆ ಹೋಗುತ್ತದೆ, ಗಟ್ಟಿ ಕಾಲು ಆಮೇಲೆ ಬರುತ್ತದೆ. ಪ್ಲಾಸ್ಟರ್ ತೆಗೆದು ಬೂಟು ಹಾಕಿದಾಗ ನಿಲುವಿನ ಎತ್ತರ ಬದಲಾಗುವುದರಿಂದ ದಿಂಡು ಮತ್ತು ಹಿಡಿಕೆ ಎರಡನ್ನೂ ಮತ್ತೊಮ್ಮೆ ಅಳೆದರು. ಭಾರವನ್ನು 15ರಿಂದ ಮೇಲಕ್ಕೆ ಯಾವಾಗ, ಎಷ್ಟು ಏರಿಸಬೇಕೆಂಬುದನ್ನು ಮಾತ್ರ ಪ್ರತಿ ಸಲವೂ ಎಕ್ಸ್‌ರೇ ನೋಡಿದ ವೈದ್ಯರೇ ಹೇಳಬೇಕು.